ಒಂದನೇ ತಾರೀಖಿನ ತೂಕವನ್ನು ನಂಬಬೇಡಿ

ತೂಕ ಇಳಿಸಲು ಹೊರಟವರಿಗೆ ಜಿಮ್‌ನಲ್ಲಾಗಲಿ ಡಯಟಿಷಿಯನ್ ಹತ್ತಿರವಾಗಲಿ ಸಾಮಾನ್ಯವಾಗಿ ಸಿಗುವ ಸಲಹೆ, ತಿಂಗಳಿಗೊಮ್ಮೆ ಒಂದೇ ತಾರೀಖಿಗೆ ತೂಕ ನೋಡಿ ಎಂಬುದು. ಕೇಳಲು ಶಿಸ್ತಾಗಿದೆ. ಮುಟ್ಟಾಗುವ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಈ ಶಿಸ್ತೇ ದಾರಿ ತಪ್ಪಿಸುತ್ತದೆ. ಕ್ಯಾಲೆಂಡರಿನ ತಿಂಗಳು ಹೆಚ್ಚಾಗಿ 30 ಅಥವಾ 31 ದಿನದ್ದು. ಋತುಚಕ್ರ ಒಬ್ಬರಿಗೆ 26 ದಿನ, ಇನ್ನೊಬ್ಬರಿಗೆ 33. ಹಾಗಾಗಿ ಪ್ರತಿ ಒಂದನೇ ತಾರೀಖೂ ಚಕ್ರದ ಬೇರೆ ಬೇರೆ ದಿನಕ್ಕೆ ಬಂದು ಬೀಳುತ್ತದೆ. ಮೈಯಲ್ಲಿ ನೀರು ನಿಲ್ಲುವುದೂ ಇಳಿಯುವುದೂ ಕ್ಯಾಲೆಂಡರ್ ನೋಡಿಕೊಂಡಲ್ಲ, ಚಕ್ರದ ದಿನ ನೋಡಿಕೊಂಡು.

ಒಂದು ಲೆಕ್ಕ ಹಾಕಿ ನೋಡೋಣ. 27 ದಿನದ ಚಕ್ರ ಇರುವ ಒಬ್ಬರು ಜೂನ್ 1ರಿಂದ ವಾರಕ್ಕೆ ಸರಿಯಾಗಿ 200 ಗ್ರಾಂ ಕೊಬ್ಬು ಕಳೆದುಕೊಳ್ಳುತ್ತಿದ್ದಾರೆ ಅಂದುಕೊಳ್ಳಿ. ಆರಂಭದಲ್ಲಿ ನೀರಿನ ಹೊರೆ ಕಳೆದ ಅವರ ತೂಕ 64.0 ಕಿಲೋ. ಮುಟ್ಟಾಗುವುದು ಜೂನ್ 5, ಜುಲೈ 2, ಜುಲೈ 29, ಆಗಸ್ಟ್ 25ಕ್ಕೆ. ಅವರ ಮೈಯಲ್ಲಿ ನಿಲ್ಲುವ ನೀರು ಮುಟ್ಟಿಗೆ ನಾಲ್ಕು ದಿನ ಮೊದಲು 300 ಗ್ರಾಂ, ಹಿಂದಿನ ದಿನ 800 ಗ್ರಾಂ, ಮುಟ್ಟಿನ ನಾಲ್ಕನೇ ದಿನ 400 ಗ್ರಾಂ, ಎಂಟನೇ ದಿನಕ್ಕೆ ಏನೂ ಇಲ್ಲ ಎಂದಿಟ್ಟುಕೊಳ್ಳಿ.

ಜೂನ್ 1 ಮುಟ್ಟಿಗೆ ನಾಲ್ಕು ದಿನ ಮೊದಲು. ಯಂತ್ರ 64.3 ತೋರಿಸುತ್ತದೆ. ಜುಲೈ 1 ಮುಟ್ಟಿನ ಹಿಂದಿನ ದಿನ. ಅಷ್ಟರಲ್ಲಿ ಸುಮಾರು 900 ಗ್ರಾಂ ಕೊಬ್ಬು ಹೋಗಿದ್ದರೂ ಯಂತ್ರದ ಮೇಲೆ ಕಾಣುವುದು 63.9. ಒಂದು ತಿಂಗಳು ಬಾಯಿ ಕಟ್ಟಿದ್ದಕ್ಕೆ ಬರೀ 400 ಗ್ರಾಂ! ಆಗಸ್ಟ್ 1 ಮುಟ್ಟಿನ ನಾಲ್ಕನೇ ದಿನ, 62.7. ಸೆಪ್ಟೆಂಬರ್ 1 ಎಂಟನೇ ದಿನ, 61.4. ಅಂದರೆ ಕಾಣುವ ಇಳಿಕೆ ಮೊದಲ ತಿಂಗಳು 0.4, ಎರಡನೆಯದು 1.2, ಮೂರನೆಯದು 1.3 ಕಿಲೋ. ಒಳಗೆ ನಡೆದದ್ದು ಮಾತ್ರ ಮೂರು ತಿಂಗಳೂ ಒಂದೇ, ಹೆಚ್ಚುಕಡಿಮೆ 0.9.

ಈ ಅಂಕಿಗಳನ್ನು ನೋಡಿದವರು ಏನು ಮಾಡುತ್ತಾರೆ ಎಂಬುದೇ ಇಲ್ಲಿ ತೊಂದರೆ. ಜುಲೈನಲ್ಲಿ ಕೆಲವರು ಕೈ ಬಿಡುತ್ತಾರೆ. ಕೆಲವರು ರಾತ್ರಿಯ ಊಟವನ್ನೇ ಬಿಡುತ್ತಾರೆ. ಇನ್ನು ಕೆಲವರು ಯಾರೋ ಹೇಳಿದ ಪುಡಿಯನ್ನು ಬೆಳಿಗ್ಗೆ ಬಿಸಿನೀರಿಗೆ ಹಾಕಿಕೊಂಡು ಕುಡಿಯಲು ಶುರು ಮಾಡುತ್ತಾರೆ, ಆಗಸ್ಟಿನ 1.2 ಕಿಲೋದ ಕೀರ್ತಿಯೆಲ್ಲ ಆ ಪುಡಿಗೆ ಹೋಗುತ್ತದೆ.

ಈ ನೀರು ಎಲ್ಲಿರುತ್ತದೆ, ಎಷ್ಟಿರುತ್ತದೆ? ಹೆಚ್ಚಿನ ಪಾಲು ಜೀವಕೋಶಗಳ ಹೊರಗೆ, ಅಂಗಾಂಶಗಳ ಸಂದಿಯಲ್ಲಿ. ಅದಕ್ಕೇ ಉಂಗುರ ಬಿಗಿಯಾಗುತ್ತದೆ, ಗಾಜಿನ ಬಳೆ ಗೆಣ್ಣು ದಾಟುವುದಿಲ್ಲ, ಸಂಜೆ ಕಾಲುಚೀಲ ತೆಗೆದರೆ ಅಚ್ಚು ಉಳಿದಿರುತ್ತದೆ, ಎದೆ ಭಾರವಾಗಿ ನೋಯುತ್ತದೆ. ಸರಾಸರಿ ತೆಗೆದರೆ ಮುಟ್ಟಿನ ದಿನಗಳ ತೂಕಕ್ಕೂ ಅದರ ಮುಂದಿನ ವಾರದ ತೂಕಕ್ಕೂ ಅರ್ಧ ಕಿಲೋ ಆಸುಪಾಸಿನ ವ್ಯತ್ಯಾಸ ಸಿಗುತ್ತದೆ. ಸರಾಸರಿ ಎಂಬುದನ್ನು ಮರೆಯಬಾರದು. ಕೆಲವರಿಗೆ ಏನೂ ಏರುವುದಿಲ್ಲ, ಕೆಲವರಿಗೆ ಒಂದೂವರೆ ಎರಡು ಕಿಲೋ ಏರುತ್ತದೆ. ಅಕ್ಕತಂಗಿಯರ ನಡುವೆಯೂ ಹೋಲಿಕೆ ಇರಬೇಕೆಂದಿಲ್ಲ. ಹಾಗಾಗಿ ಇನ್ನೊಬ್ಬರ ಅಂಕಿಯನ್ನು ತಂದು ನಿಮ್ಮ ತೂಕದಿಂದ ಕಳೆಯುವುದು ವ್ಯರ್ಥ.

ಎಲ್ಲರಿಗೂ ಗೊತ್ತಿರುವುದು ಮುಟ್ಟಿಗೆ ಮೊದಲು ಮೈ ಉಬ್ಬುತ್ತದೆ ಎಂಬುದು. ಅಷ್ಟಾಗಿ ಗೊತ್ತಿಲ್ಲದ್ದು, ಉಬ್ಬರದ ತುದಿ ಮುಟ್ಟಿನ ಮೊದಲ ದಿನವೇ ಬರುತ್ತದೆ ಎಂಬುದು. ಕೆನಡಾದಲ್ಲಿ 62 ಮಹಿಳೆಯರು ಒಂದು ವರ್ಷ ಕಾಲ ದಿನವೂ ಬರೆದಿಟ್ಟ ದಾಖಲೆಗಳನ್ನು ಕೂಡಿಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರು ತೂಕವನ್ನಲ್ಲ, ಮೈ ಉಬ್ಬಿದ ಅನುಭವಕ್ಕೆ ಅಂಕ ಕೊಟ್ಟು ಬರೆದಿದ್ದರು. ಅಂಕ ಅತಿ ಹೆಚ್ಚಿದ್ದದ್ದು ರಕ್ತಸ್ರಾವ ಶುರುವಾದ ದಿನ. ಅಲ್ಲಿಂದ ಬೇಗ ಇಳಿದು, ಮುಟ್ಟು ನಿಂತ ಮೇಲಿನ ದಿನಗಳಲ್ಲಿ ತಳ ಮುಟ್ಟಿ, ಅಂಡೋತ್ಪತ್ತಿಯ ಹೊತ್ತಿಗೆ ಮತ್ತೆ ನಿಧಾನವಾಗಿ ಏರತೊಡಗಿತ್ತು. ಪ್ರೊಜೆಸ್ಟೆರೋನ್ ಹಾರ್ಮೋನು ತುದಿಯಲ್ಲಿರುವುದು ಮುಟ್ಟಿಗೆ ಸುಮಾರು ಒಂದು ವಾರ ಮೊದಲು. ಮುಟ್ಟಿನ ಮೊದಲ ದಿನ ಅದೂ ಈಸ್ಟ್ರೋಜೆನ್ನೂ ತಳಕ್ಕೆ ಇಳಿದಿರುತ್ತವೆ. ಅಂದಮೇಲೆ ಹಾರ್ಮೋನು ಏರಿದಷ್ಟೂ ನೀರು ನಿಲ್ಲುತ್ತದೆ ಎಂಬ ನೇರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು ಎಷ್ಟು ನಿಲ್ಲುತ್ತದೆಂದು ತಿಳಿಯಲು ರಕ್ತಪರೀಕ್ಷೆಗೆ ದುಡ್ಡು ಹಾಕುವುದರಲ್ಲಿ ಅರ್ಥವೂ ಇಲ್ಲ. ಮನೆಯ ತೂಕದ ಯಂತ್ರವೇ ಅದನ್ನು ಚೆನ್ನಾಗಿ ಹೇಳುತ್ತದೆ.

ಮುಟ್ಟಾದ ಮೇಲೆ ತೂಕ ಇಳಿಯುವುದು ರಕ್ತ ಹೋಗುವುದರಿಂದ ಎಂದು ನಂಬಿದವರಿದ್ದಾರೆ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, 80 ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಅರ್ಧ ಲೋಟ ಕಾಫಿಯ ತೂಕವೂ ಅಲ್ಲ ಅದು. ಇಳಿಯುವ ಅರ್ಧ ಕಿಲೋ ಹೋಗುವುದು ಮೂತ್ರದಲ್ಲಿ. ಜೊತೆಗೆ ಕರುಳಿನದ್ದೂ ಒಂದು ಪಾಲಿದೆ. ಮುಟ್ಟಿಗೆ ಮೊದಲಿನ ವಾರ ಪ್ರೊಜೆಸ್ಟೆರೋನ್ ಕರುಳಿನ ಚಲನೆಯನ್ನು ನಿಧಾನ ಮಾಡುವುದರಿಂದ ಹಲವರಿಗೆ ಮಲಬದ್ಧತೆ ಇರುತ್ತದೆ. ಮುಟ್ಟು ಶುರುವಾದಾಗ ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್‌ಗಳು ಕರುಳನ್ನೂ ಚುರುಕಾಗಿಸುತ್ತವೆ, ಮೊದಲೆರಡು ದಿನ ಹೊಟ್ಟೆ ಸಡಿಲವಾಗುತ್ತದೆ.

ಇದಿಷ್ಟು ಗೊತ್ತಿದ್ದರೆ ಹೋಲಿಕೆಯ ನಿಯಮ ತಾನಾಗಿ ಸಿಗುತ್ತದೆ. ತಾರೀಖಿಗೆ ತಾರೀಖು ಹೋಲಿಸಬೇಡಿ, ಚಕ್ರದ ದಿನಕ್ಕೆ ಚಕ್ರದ ಅದೇ ದಿನವನ್ನು ಹೋಲಿಸಿ. ಅದಕ್ಕೆ ಅತ್ಯುತ್ತಮ ಕಿಟಕಿ ಮುಟ್ಟಿನ 6ನೇ ದಿನದಿಂದ 10ನೇ ದಿನದವರೆಗಿನ ಐದು ದಿನ. ನೀರು ಆಗ ತಳದಲ್ಲಿರುತ್ತದೆ, ದಿನದಿಂದ ದಿನಕ್ಕೆ ಹೆಚ್ಚು ಅಲುಗುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಈ ದಿನಗಳನ್ನು ಈಗಾಗಲೇ ಆಗಿಹೋದ ಘಟನೆಯಿಂದ ಮುಂದಕ್ಕೆ ಎಣಿಸುತ್ತೇವೆ, ಹಾಗಾಗಿ ತಪ್ಪುವುದಿಲ್ಲ. ಮುಟ್ಟಿಗೆ ಮೂರು ದಿನ ಮೊದಲು ನೋಡುತ್ತೇನೆ ಎಂದು ಹೊರಟರೆ ಮುಟ್ಟು ಯಾವಾಗ ಎಂದು ಮೊದಲೇ ತಿಳಿದಿರಬೇಕು. ಚಕ್ರ ಹಿಗ್ಗುವುದು ಕುಗ್ಗುವುದು ಹೆಚ್ಚಾಗಿ ಅಂಡೋತ್ಪತ್ತಿಗೆ ಮೊದಲಿನ ಭಾಗದಲ್ಲಿ. ಒತ್ತಡ, ಜ್ವರ, ಪ್ರಯಾಣದಿಂದ ಅಂಡೋತ್ಪತ್ತಿ ನಾಲ್ಕು ದಿನ ತಡವಾದರೆ ಮುಟ್ಟೂ ಅಷ್ಟೇ ತಡವಾಗುತ್ತದೆ, 24ನೇ ದಿನ ಎಂದು ನೀವು ಬರೆದುಕೊಂಡದ್ದು ಅರ್ಥ ಕಳೆದುಕೊಳ್ಳುತ್ತದೆ. ಮುಟ್ಟಿಗೆ ಮೊದಲಿನ ದಿನಗಳನ್ನು ಹೋಲಿಸಲೇಬೇಕಿದ್ದರೆ ಮುಟ್ಟಾದ ಮೇಲೆ ಹಿಂದಕ್ಕೆ ಎಣಿಸಿ.

ಎಣಿಕೆಯಲ್ಲಿ ಎಡವುವ ಜಾಗ ಒಂದಿದೆ. ಮೊದಲನೇ ದಿನ ಎಂದರೆ ಪ್ಯಾಡ್ ಬೇಕಾಗುವಷ್ಟು ಸ್ರಾವ ಶುರುವಾದ ದಿನ. ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ. ಮುಟ್ಟು ನಿಂತ ದಿನದಿಂದಲೂ ಎಣಿಸಬಾರದು, ಅದು ಒಂದು ಸಲ ನಾಲ್ಕು ದಿನ, ಇನ್ನೊಂದು ಸಲ ಆರು ದಿನ ಇರುತ್ತದೆ. ನಾಲ್ಕನೇ ದಿನ ತಲೆಗೆ ಸ್ನಾನ ಎಂದು ಹಳೆಯ ಮನೆಗಳಲ್ಲಿ ಲೆಕ್ಕ ಇಡುತ್ತಿದ್ದದ್ದೂ ಶುರುವಾದ ದಿನದಿಂದಲೇ. ಆ ಆಚರಣೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಎಣಿಕೆ ಮಾತ್ರ ಸರಿಯಾಗಿತ್ತು. ನಿಮ್ಮ ಸ್ರಾವ ಏಳು ದಿನ ಇರುವುದಾದರೆ ಕಿಟಕಿಯನ್ನು 7ರಿಂದ 11ಕ್ಕೆ ಸರಿಸಿ. ಚಕ್ರ 24 ದಿನದ್ದಾದರೆ 5ರಿಂದ 9 ಇರಲಿ, ಏಕೆಂದರೆ ಹತ್ತನೇ ದಿನದ ಹೊತ್ತಿಗೆ ಅಂಡೋತ್ಪತ್ತಿ ಹತ್ತಿರ ಬಂದಿರುತ್ತದೆ. ಒಮ್ಮೆ ಆರಿಸಿದ ಮೇಲೆ ಬದಲಿಸಬೇಡಿ.

ಈಗ ಮೇಲಿನ ಲೆಕ್ಕಕ್ಕೇ ಮರಳಿ ಬನ್ನಿ. ಜೂನ್ 5ಕ್ಕೆ ಮುಟ್ಟಾದರೆ ಕಿಟಕಿ ಜೂನ್ 10ರಿಂದ 14. ಐದು ಬೆಳಗಿನ ತೂಕ 63.9, 63.6, 63.5, 63.8, 63.7 ಬಂತು ಅಂದುಕೊಳ್ಳಿ. ಸರಾಸರಿ 63.7. ಮುಂದಿನ ಕಿಟಕಿ ಜುಲೈ 7ರಿಂದ 11. 62.8, 63.1, 62.9, 63.0, 62.7, ಸರಾಸರಿ 62.9. ಎರಡು ಕಿಟಕಿಗಳ ನಡುವೆ 27 ದಿನ, ಇಳಿಕೆ 0.8 ಕಿಲೋ. ಅದನ್ನು 27ರಿಂದ ಭಾಗಿಸಿ 7ರಿಂದ ಗುಣಿಸಿದರೆ ವಾರಕ್ಕೆ ಸುಮಾರು 200 ಗ್ರಾಂ. ಒಳಗೆ ನಡೆಯುತ್ತಿದ್ದದ್ದೂ ಅದೇ. ಒಂದನೇ ತಾರೀಖು ಮುಚ್ಚಿಟ್ಟ ವಿಷಯವನ್ನು ಈ ಹತ್ತು ಅಂಕಿಗಳು ಹೇಳಿಬಿಟ್ಟವು. ದಿನಗಳಿಂದ ಭಾಗಿಸುವುದನ್ನು ಬಿಡಬೇಡಿ. ಚಕ್ರ ಒಮ್ಮೆ 27, ಒಮ್ಮೆ 34 ದಿನ ಆದಾಗ ಬರೀ ಇಳಿಕೆಯನ್ನು ಹೋಲಿಸಿದರೆ ಉದ್ದದ ಚಕ್ರ ಸುಮ್ಮನೆ ಚೆನ್ನಾಗಿ ಕಾಣುತ್ತದೆ.

ಆಗಸ್ಟಿನ ಕಿಟಕಿಯ ಮಧ್ಯೆ ಒಂದು ಸೀಮಂತದ ಊಟ ಬಂತೆನ್ನಿ. ಅಂಕಿಗಳು 62.0, 62.1, 62.9, 62.2, 62.0. ಸರಾಸರಿ 62.2ಕ್ಕೆ ಏರುತ್ತದೆ. ಇಂಥ ಕಡೆ ಐದನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ: 62.1. ಊಟದ ಮರುದಿನದ 62.9 ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅದು ಬೇಡವೆಂದು ಕೈಯಾರೆ ಅಳಿಸುವ ಚಾಳಿ ಮಾತ್ರ ಒಳ್ಳೆಯದಲ್ಲ. ಇವತ್ತು ಊಟದ ನೆಪ, ನಾಳೆ ನಿದ್ದೆಯ ನೆಪ, ಕೊನೆಗೆ ಇಷ್ಟವಾದ ಅಂಕಿಗಳಷ್ಟೇ ಉಳಿಯುತ್ತವೆ.

ಆ ಊಟ ಯಾಕೆ ಅಷ್ಟು ಏರಿಸುತ್ತದೆ ಎಂದರೆ, ಉಪ್ಪು. ಮೈಯ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿನ ಹದವಿದೆ. ರೂಢಿಗಿಂತ 3 ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಹೋದರೆ, ಮೂತ್ರಪಿಂಡ ಅದನ್ನು ಹೊರಹಾಕುವವರೆಗೆ ಆ ಹದ ಕಾಯಲು ಮೂರನೇ ಒಂದು ಲೀಟರಿನಷ್ಟು ನೀರು ಜೊತೆಗೆ ನಿಲ್ಲಬೇಕಾಗುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಎರಡು ಸಲ ಬಡಿಸಿದ ಸಾರು, ಮೂರು ಗ್ರಾಂ ದಾಟುವುದು ಕಷ್ಟವೇನಲ್ಲ. ಜೊತೆಗೆ ಅನ್ನ, ಹೋಳಿಗೆಯ ಪಿಷ್ಟ ಗ್ಲೈಕೋಜೆನ್ ಆಗಿ ಸ್ನಾಯುವಿನಲ್ಲಿ ಸೇರುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಏಕಾದಶಿ ಉಪವಾಸದ ಮರುದಿನ ತೂಕ ಇಳಿದು ಕಾಣುವುದು ಇದೇ ಲೆಕ್ಕದ ಇನ್ನೊಂದು ಮಗ್ಗುಲು. ಒಂದು ಕಿಲೋ ಕೊಬ್ಬು ಸೇರಲು ಖರ್ಚಿಗಿಂತ 7,700 ಕ್ಯಾಲೊರಿಯಷ್ಟು ಹೆಚ್ಚು ತಿಂದಿರಬೇಕು. ಮೂರು ದಿನದಲ್ಲಿ ಒಂದು ಕಿಲೋ ಏರಿದ್ದು ಕೊಬ್ಬೋ ನೀರೋ ಎಂಬ ಅನುಮಾನ ಬಂದಾಗ ಈ ಒಂದು ಅಂಕಿ ನೆನಪಾದರೆ ಸಾಕು.

ತೂಕ ನೋಡುವ ಕ್ರಮ ಸರಳ. ಎದ್ದು ಮೂತ್ರ ಮಾಡಿ ಬಂದ ಮೇಲೆ, ನೀರು ಕಾಫಿ ಏನೂ ಕುಡಿಯುವ ಮೊದಲು, ದಿನವೂ ಅದೇ ಬಗೆಯ ಬಟ್ಟೆಯಲ್ಲಿ. ಅರ್ಧ ಲೀಟರ್ ನೀರು ಕುಡಿದು ನಿಂತರೆ ಅರ್ಧ ಕಿಲೋ ಹೆಚ್ಚು, ಅಷ್ಟೇ. ಶೌಚ ಆಗಿದೆಯೋ ಇಲ್ಲವೋ ಎಂಬುದನ್ನು ಪಕ್ಕದಲ್ಲಿ ಬರೆದಿಡಿ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ನಿಲ್ಲಬೇಡಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆ ಮ್ಯಾಟ್ ಬೇಡ, ನಾಲ್ಕೂ ಕಾಲು ಟೈಲ್ಸಿಗೆ ಸಮನಾಗಿ ತಾಗಲಿ, ಟೈಲ್ಸಿನ ಸಂದಿಯ ಮೇಲೆ ಒಂದು ಕಾಲು ಕೂರದಿರಲಿ. ಜಾಗ ಬದಲಿಸಿದ್ದರೆ ಒಮ್ಮೆ ಕಾಲಿನಿಂದ ತಟ್ಟಿ, ಸೊನ್ನೆಗೆ ಬಂದು ಆರಿದ ಮೇಲೆ ಹತ್ತಿ.

ಡಿಜಿಟಲ್ ಯಂತ್ರಗಳದ್ದು ಒಂದು ಕಳ್ಳಾಟವಿದೆ. ಮೂರು ಸಲ ಹತ್ತಿದರೂ 63.7, 63.7, 63.7 ಎಂದು ಬಂದರೆ ಎಷ್ಟು ಕರಾರುವಾಕ್ಕು ಎಂದು ಹಿಗ್ಗಬೇಡಿ. ಹಲವು ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟು, ಹೊಸದು ಅದಕ್ಕೆ ಹತ್ತಿರವಿದ್ದರೆ ಹಳೆಯದನ್ನೇ ತೋರಿಸುತ್ತವೆ. ಪರೀಕ್ಷೆ ಸುಲಭ. ಬರಿಗೈಯಲ್ಲಿ ನೋಡಿ ಇಳಿಯಿರಿ, ಕಾಲು ಲೀಟರ್ ನೀರಿನ ಬಾಟಲಿ ಹಿಡಿದು ಮತ್ತೆ ಹತ್ತಿ. ಅಂಕಿ ಕದಲದಿದ್ದರೆ ನೆನಪಿನ ಆಟ ನಡೆಯುತ್ತಿದೆ. ಅಂಥ ಯಂತ್ರವಾದರೆ, ನೋಡುವ ಮೊದಲು ಐದು ಕಿಲೋ ಅಕ್ಕಿ ಚೀಲ ಹಿಡಿದು ಒಮ್ಮೆ ಹತ್ತಿ ಇಳಿದು ಆಮೇಲೆ ಬರಿಗೈಯಲ್ಲಿ ಹತ್ತಬೇಕು, ಆಗ ಹೊಸ ಅಂಕಿ ಬರುತ್ತದೆ.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳನ್ನು ಈ ದಿನಗಳಲ್ಲಿ ಇನ್ನೂ ಕಡಿಮೆ ನಂಬಿ. ಅವು ಪಾದದಿಂದ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಬಂದ ಅಡ್ಡಿ ಎಷ್ಟು ಎಂದು ಅಳೆಯುತ್ತವೆ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ಮೈಯಲ್ಲಿ ನೀರು ನಿಂತಾಗ ಅಡ್ಡಿ ಕಡಿಮೆಯಾಗಿ, ಯಂತ್ರ ಅದನ್ನು ಸ್ನಾಯು ಹೆಚ್ಚಿದೆ ಎಂದು ಓದುತ್ತದೆ. ತೂಕ ಏರಿ, ಕೊಬ್ಬು ಇಳಿದು, ಸ್ನಾಯು ಬೆಳೆದಂತೆ ಒಂದೇ ವಾರದಲ್ಲಿ ತೋರಿದರೆ ಅದು ವ್ಯಾಯಾಮದ ಫಲ ಅಲ್ಲ.

ದಿನವೂ ಬರೆಯುವವರು ಒಂದು ಎಕ್ಸೆಲ್ ಶೀಟ್ ಮಾಡಿಕೊಂಡರೆ ಎಣಿಸುವ ಕೆಲಸ ತಪ್ಪುತ್ತದೆ. A ಕಾಲಂನಲ್ಲಿ ತಾರೀಖು, B ಕಾಲಂನಲ್ಲಿ ತೂಕ, D ಕಾಲಂನಲ್ಲಿ ಮುಟ್ಟು ಶುರುವಾದ ತಾರೀಖುಗಳು. D2 ಪಕ್ಕದ E2ರಲ್ಲಿ ಇದನ್ನು ಹಾಕಿ ಕೆಳಕ್ಕೆ ಎಳೆಯಿರಿ:

```
=AVERAGEIFS(B:B,A:A,">="&D2+5,A:A,"<="&D2+9)
```

ಶುರುವಾದ ದಿನಕ್ಕೆ 5 ಕೂಡಿಸಿದರೆ ಆರನೇ ದಿನ, 9 ಕೂಡಿಸಿದರೆ ಹತ್ತನೇ ದಿನ. ಐದರಲ್ಲಿ ಒಂದೆರಡು ದಿನ ತಪ್ಪಿದರೂ ಪರವಾಗಿಲ್ಲ, ಮೂರಕ್ಕಿಂತ ಕಡಿಮೆಯಾದರೆ ಆ ಚಕ್ರವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಐದು ದಿನದ ಸರಾಸರಿಯಲ್ಲೂ ಅಲುಗಾಟ ಪೂರ್ತಿ ಹೋಗುವುದಿಲ್ಲ. ಎರಡು ಕಿಟಕಿಗಳ ವ್ಯತ್ಯಾಸ 300 ಗ್ರಾಂ ಒಳಗಿದ್ದರೆ ಬದಲಾಗಿಲ್ಲ ಎಂದೇ ಓದಿ, ಇನ್ನೊಂದು ಚಕ್ರ ಕಾಯಿರಿ.

ಹಬ್ಬ, ಮದುವೆ, ಪೂಜೆಗೆಂದು ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ. ಸಾಮಾನ್ಯವಾಗಿ ಅದು ನಾರೆಥಿಸ್ಟೆರೋನ್. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಶುರುವಾಗುತ್ತದೆ. ಅದರ ಅಡ್ಡಪರಿಣಾಮಗಳಲ್ಲಿ ನೀರು ನಿಲ್ಲುವುದೂ ಒಂದು. ಹತ್ತು ದಿನ ಮುಂದೂಡಿದ್ದರೆ ಉಬ್ಬರವೂ ಅಷ್ಟು ದಿನ ಉಳಿದೀತು, ಆ ದಿನಗಳ ತೂಕವನ್ನು ಯಾವುದಕ್ಕೂ ಹೋಲಿಸಲಾಗದು. ಆದರೆ 6ರಿಂದ 10ರ ಕಿಟಕಿ ಮಾತ್ರೆ ಶುರು ಮಾಡುವುದಕ್ಕೆ ಎಷ್ಟೋ ಮೊದಲೇ ಮುಗಿದಿರುತ್ತದೆ, ಮುಂದಿನದು ಸ್ರಾವ ಬಂದ ಮೇಲೆ ತೆರೆಯುತ್ತದೆ. ನಡುವಿನ ಅಂತರ 27ರ ಬದಲು 37 ದಿನ ಆಗಿರುತ್ತದೆ, ಅಷ್ಟರಿಂದಲೇ ಭಾಗಿಸಿದರೆ ಆಯಿತು. ಮುಟ್ಟಿನ ನೋವಿಗೆ ತೆಗೆದುಕೊಳ್ಳುವ ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಕೂಡ ಮೂತ್ರಪಿಂಡ ಉಪ್ಪು ಹಿಡಿದಿಡುವಂತೆ ಮಾಡಬಲ್ಲವು. ಮೊದಲೆರಡು ದಿನ ತೂಕ ಇಳಿಯಲು ತಡವಾದರೆ ಅದೂ ಒಂದು ಕಾರಣವಿರಬಹುದು, ನೋವು ಸಹಿಸಿಕೊಂಡು ಮಾತ್ರೆ ಬಿಡುವಷ್ಟು ದೊಡ್ಡ ಕಾರಣವಲ್ಲ.

ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್‌ನಲ್ಲಿರುವವರಿಗೆ ಚಕ್ರದ ದಿನದ ಬದಲು ಸ್ಟ್ರಿಪ್ಪಿನ ದಿನವೇ ಲೆಕ್ಕ. ಪಿಸಿಒಎಸ್ ಇದ್ದು ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರಿಗೆ, ಗರ್ಭಕೋಶದೊಳಗೆ ಹಾರ್ಮೋನಿನ ಕಾಯಿಲ್ ಹಾಕಿಸಿ ಸ್ರಾವವೇ ನಿಂತವರಿಗೆ, ಹಾಲೂಡಿಸುವ ತಾಯಂದಿರಿಗೆ, ಮುಟ್ಟು ನಿಲ್ಲುವ ವಯಸ್ಸಿನ ಏರುಪೇರಿನಲ್ಲಿರುವವರಿಗೆ ಈ ಕಿಟಕಿ ಒದಗುವುದಿಲ್ಲ. ಅವರು ಕಳೆದ 28 ದಿನಗಳ ಸರಾಸರಿಯನ್ನು ದಿನವೂ ಮುಂದಕ್ಕೆ ಸರಿಸುತ್ತ ಹೋಗುವುದು ಒಳ್ಳೆಯದು. ಅದರ ದೋಷ ಎಂದರೆ ನಿಧಾನ. ಇವತ್ತು ಕಾಣುವ ಅಂಕಿ ನಿಜವಾಗಿ ಎರಡು ವಾರದ ಹಿಂದಿನ ಸ್ಥಿತಿ. ಏಳು ದಿನದ ಸರಾಸರಿ ತೋರಿಸುವ ಆ್ಯಪ್‌ಗಳು ಉಪ್ಪು, ಊಟ, ಶೌಚದ ಅಲುಗಾಟವನ್ನು ಸವರಿಹಾಕುತ್ತವೆ, ಮುಟ್ಟಿನ ಏರಿಳಿತವನ್ನಲ್ಲ. ಅದೇ ಒಂದು ವಾರಕ್ಕಿಂತ ಹೆಚ್ಚು ಹರಡಿಕೊಂಡಿರುತ್ತದೆ.

ನೀರು ಇಳಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವವರಿಗೆ ಒಂದು ಮಾತು. ಅದು ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಅನ್ನೂ ಕಳೆಯುತ್ತದೆ, ನಿಲ್ಲಿಸಿದ ಮೇಲೆ ಮೂತ್ರಪಿಂಡ ಇನ್ನಷ್ಟು ಬಿಗಿಯಾಗಿ ಉಪ್ಪು ಹಿಡಿಯುತ್ತದೆ. ಮೂರನೇ ದಿನ ತೂಕ ಮೊದಲಿಗಿಂತ ಮೇಲೆ ಹೋಗಬಹುದು.

ಮುಟ್ಟಿನ ನೀರಿಗೆ ಒಂದು ಗುರುತಿದೆ. ಸ್ರಾವ ಶುರುವಾದ ಒಂದು ವಾರದೊಳಗೆ ಅದು ಇಳಿದುಬಿಡುತ್ತದೆ. ಹತ್ತನೇ ದಿನವೂ ಇಳಿಯದ ಉಬ್ಬರ, ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದರೆ ಕುಳಿ ಬಿದ್ದು ಉಳಿಯುವ ಬಾವು, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಒಂದು ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿಕೆಯ ಜೊತೆ ಮೆಟ್ಟಿಲು ಹತ್ತುವಾಗ ಏದುಸಿರು, ಇವು ಯಾವುವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಹೃದಯ, ಮೂತ್ರಪಿಂಡ, ಥೈರಾಯ್ಡ್ ಕಡೆ ನೋಡಬೇಕಾಗಬಹುದು, ವೈದ್ಯರನ್ನು ಕಾಣಬೇಕು. ಹೋಗುವಾಗ ಬರೆದಿಟ್ಟ ಶೀಟನ್ನೂ ತೆಗೆದುಕೊಂಡು ಹೋಗಿ, ಮುಟ್ಟಿನ ತಾರೀಖುಗಳ ಸಮೇತ. ಮುಟ್ಟು ತಪ್ಪಿ ತೂಕವೂ ಏರಿದ್ದರೆ ಮಾತ್ರ, ಇದೆಲ್ಲಕ್ಕೂ ಮೊದಲು ಗರ್ಭದ ಪರೀಕ್ಷೆ.